ಮಳೆಗಾಲ ದಾಟಿಸಿದ ಪೆಟ್ಟಿಗೆಯಲ್ಲೇ ಜೇನು

ಇಪ್ಪತ್ತು ಗುಂಟೆ ಅಡಿಕೆ ತೋಟ, ಮನೆ ಹಿಂದೆ ಒಂದು ಹಟ್ಟಿ, ಅಂಗಳದ ಅಂಚಿನಲ್ಲಿ ನಾಲ್ಕು ತೆಂಗಿನ ಮರ. ಸುಳ್ಯ, ಪುತ್ತೂರು ಕಡೆ ಇಂಥ ಹಿಡುವಳಿಯ ಮನೆಗಳು ಬೇಕಾದಷ್ಟಿವೆ. ಅಲ್ಲಿ ಇನ್ನೊಂದು ಹಸು ಕಟ್ಟೋಣವೆಂದರೆ ಹುಲ್ಲಿಗೆ ಜಾಗವಿಲ್ಲ. ಮೀನಿಗೆ ಹೊಂಡ ತೋಡಿದರೆ ಫಸಲು ಕೊಡುವ ಅಡಿಕೆ ಮರಗಳನ್ನೇ ಕಡಿಯಬೇಕು. ಜೇನು ಪೆಟ್ಟಿಗೆಗಾದರೆ ಒಂದು ಸ್ಟ್ಯಾಂಡ್ ಊರುವಷ್ಟು ನೆಲ ಸಾಕು. ಅದರ ಮೇವು ಇರುವುದು ನೆರೆಯವರ ರಬ್ಬರ್ ತೋಟದಲ್ಲಿ, ಗುಡ್ಡದ ನೇರಳೆ, ಮತ್ತಿ ಮರಗಳಲ್ಲಿ, ಎಲ್ಲರ ತೆಂಗಿನ ಹಿಂಗಾರದಲ್ಲಿ. ಸುಮಾರು ಒಂದು ಕಿಲೋಮೀಟರ್ ದೂರದವರೆಗೆ ಹೋಗಿ ಮೇಯ್ದು ಬರುವ ನೊಣಕ್ಕೆ ಬೇಲಿಯೂ ಇಲ್ಲ, ಪಹಣಿಯೂ ಇಲ್ಲ.

ಈ ಕಾರಣಕ್ಕೇ ಪ್ರತಿವರ್ಷ ಎಷ್ಟೋ ಮನೆಗಳಿಗೆ ಹೊಸ ಪೆಟ್ಟಿಗೆಗಳು ಬರುತ್ತವೆ. ಮರುವರ್ಷ ಅವುಗಳಲ್ಲಿ ಅನೇಕವು ಖಾಲಿಯಾಗಿ, ಒಳಗೆ ಜೇಡರಬಲೆ ಕಟ್ಟಿಕೊಂಡು ಕೊಟ್ಟಿಗೆಯ ಅಟ್ಟ ಸೇರಿರುತ್ತವೆ. ಜೇನು ತೆಗೆಯುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿತಾರು. ಕುಟುಂಬವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಳಿಸಿಕೊಳ್ಳುವುದೇ ಕಷ್ಟ. ಫೆಬ್ರವರಿಯಲ್ಲಿ ಎಷ್ಟು ಜೇನು ಸಿಗುತ್ತದೆ ಎನ್ನುವುದು ಹೆಚ್ಚುಕಡಿಮೆ ಹಿಂದಿನ ಮಳೆಗಾಲದಲ್ಲೇ ತೀರ್ಮಾನವಾಗಿರುತ್ತದೆ.

ಇಲ್ಲಿ ಹೇಳುತ್ತಿರುವುದು ತುಡುವೆಯ ವಿಚಾರ. ಹೆಜ್ಜೇನು ಪೆಟ್ಟಿಗೆಗೆ ಬಗ್ಗುವುದಿಲ್ಲ. ಕೋಲುಜೇನು ಬಯಲಿನ ಪೊದೆಯಲ್ಲಿ ಒಂದೇ ಎರಿ ಕಟ್ಟುವಂಥದ್ದು. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೂವಿನ ಬೆನ್ನಟ್ಟಿ ಲಾರಿಯಲ್ಲಿ ಸಾಗಿಸುವ ಮೆಲ್ಲಿಫೆರಾ ಜೇನು ಹೆಚ್ಚು ಕೊಡುತ್ತದೆ ನಿಜ, ಆದರೆ ಅದನ್ನು ಹೂವಿದ್ದಲ್ಲಿಗೆ ಒಯ್ಯುತ್ತಲೇ ಇರಬೇಕು. ನಿಂತ ಜಾಗದಲ್ಲೇ ಬದುಕುವ ತುಡುವೆ ಸಣ್ಣ ಮನೆಗೆ ಸರಿ. ನಮ್ಮ ಕಡೆ ಇದಕ್ಕೆ ಹೆಚ್ಚಾಗಿ ಬಳಸುವುದು ನ್ಯೂಟನ್ ಮಾದರಿಯ ಪೆಟ್ಟಿಗೆ. ಕೆಳಗೆ ಅಡಿಮಣೆ, ಅದರ ಮೇಲೆ ಏಳು ಚೌಕಟ್ಟುಗಳ ಸಂಸಾರ ಕೋಣೆ, ಅದರ ಮೇಲೆ ಕಡಿಮೆ ಎತ್ತರದ ಜೇನು ಕೋಣೆ. ರಾಣಿ ಮೊಟ್ಟೆಯಿಡುವುದು ಕೆಳಗೆ, ನಮ್ಮ ಪಾಲು ಮೇಲೆ. ಈ ಗಡಿಯನ್ನು ಸಾಕುವವರು ಎಂದೂ ದಾಟಬಾರದು.

ಜುಲೈ ತಿಂಗಳಲ್ಲಿ ಒಂದು ಪೆಟ್ಟಿಗೆ ತೆರೆದು ನೋಡಿ. ಏಪ್ರಿಲ್‌ನಲ್ಲಿ ಏಳೂ ಎರಿಗಳನ್ನು ಮುಚ್ಚಿಕೊಂಡಿದ್ದ ನೊಣಗಳು ಈಗ ನಡುವಿನ ಮೂರು ನಾಲ್ಕು ಎರಿಗಳ ಮೇಲೆ ಮಾತ್ರ ಗುಂಪಾಗಿರುತ್ತವೆ. ಮಳೆ ಬಿಡದಿದ್ದಾಗ ಮೇಯಲು ಹೋಗುವಂತಿಲ್ಲ, ಹೋದರೂ ಹೂವಿನ ಮಕರಂದ ತೊಳೆದುಹೋಗಿರುತ್ತದೆ. ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತಾಳೆ, ಕುಟುಂಬ ಕುಗ್ಗುತ್ತದೆ. ಇದು ರೋಗವಲ್ಲ, ಋತುಧರ್ಮ. ತೊಂದರೆ ಶುರುವಾಗುವುದು ಅಂಚಿನಲ್ಲಿ ನೊಣಗಳಿಲ್ಲದೆ ಬರಿದಾಗಿ ನಿಂತ ಎರಿಗಳಿಂದ. ರಾತ್ರಿ ಹೊತ್ತು ಮೇಣದ ಚಿಟ್ಟೆ ಒಳನುಗ್ಗಿ ಅಲ್ಲಿ ಮೊಟ್ಟೆ ಇಡುತ್ತದೆ. ಅದರ ಹುಳು ಮೇಣವನ್ನು ಕೊರೆಯುತ್ತಾ ಹಿಂದೆ ರೇಷ್ಮೆಯಂಥ ಬಿಳಿ ಬಲೆ ನೇಯ್ದುಕೊಂಡು ಹೋಗುತ್ತದೆ. ಅಡಿಮಣೆಯ ಮೇಲೆ ಮೇಣದ ಪುಡಿ, ನಡುವೆ ಗಸಗಸೆಯಂಥ ಕಪ್ಪು ಹಿಕ್ಕೆ ಕಂಡರೆ ಹುಳು ಒಳಗಿದೆ ಎಂದೇ ಅರ್ಥ. ತುಡುವೆ ಇದನ್ನು ಬಹಳ ದಿನ ಸಹಿಸುವುದಿಲ್ಲ. ಒಂದು ಬಿಸಿಲಿನ ಹೊತ್ತು ನೋಡಿ ಇಡೀ ಕುಟುಂಬ ಎದ್ದು ಹೋಗಿಬಿಡುತ್ತದೆ.

ಇದಕ್ಕೆ ಔಷಧಿ ಹುಡುಕಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಜೇನು ಕೋಣೆಯನ್ನು ತೆಗೆದಿಡಬೇಕು. ನೊಣಗಳು ಮುಚ್ಚಿಕೊಂಡಿರುವಷ್ಟು ಎರಿಗಳನ್ನು ಮಾತ್ರ ಸಂಸಾರ ಕೋಣೆಯಲ್ಲಿ ಬಿಟ್ಟು, ಉಳಿದವನ್ನು ಹೊರಗೆ ತೆಗೆದು, ಪಕ್ಕಕ್ಕೆ ಒಂದು ಹಲಗೆ ಇಳಿಸಿ ಜಾಗ ಕಿರಿದು ಮಾಡಬೇಕು. ತೆಗೆದ ಹಳೆಯ ಕಪ್ಪು ಎರಿಗಳನ್ನು ಹಾಗೇ ಮೂಲೆಗೆ ಎಸೆದರೆ ಅಲ್ಲೇ ಹುಳು ಬೆಳೆಯುತ್ತದೆ, ಆದ್ದರಿಂದ ಕರಗಿಸಿ ಮೇಣ ಮಾಡಿಕೊಳ್ಳುವುದು ಒಳ್ಳೆಯದು. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ ಅಡಿಮಣೆ ಎಳೆದು ಒರೆಸಿ, ಬಿರುಕಿದ್ದರೆ ಮೇಣ ಮೆತ್ತಬೇಕು. ಸ್ಟ್ಯಾಂಡಿನ ಬುಡದ ಬಟ್ಟಲಲ್ಲಿ ಇರುವೆ ದಾಟದಂತೆ ಸದಾ ನೀರಿರಬೇಕು.

ಇನ್ನು ಆಹಾರ. ಪೆಟ್ಟಿಗೆ ಎತ್ತಿ ನೋಡಿದರೆ ಹಗುರ ಎನ್ನಿಸುತ್ತದೆ, ಎರಿಯ ಮೇಲಂಚಿನಲ್ಲಿ ಜೇನಿನ ಪಟ್ಟಿಯೇ ಇಲ್ಲ ಎಂದಾದರೆ ಸಕ್ಕರೆ ಪಾಕ ಕೊಡಲೇಬೇಕು. ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ, ಕಾಯಿಸಿ ಕರಗಿಸಿ ಆರಿಸಿ, ವಾರಕ್ಕೊಮ್ಮೆ ಕಾಲು ಲೀಟರಿನಷ್ಟು ತೆಂಗಿನ ಗೆರಟೆಯಲ್ಲಿ ಇಡಬೇಕು. ನೊಣ ಮುಳುಗದಂತೆ ಪಾಕದಲ್ಲಿ ನಾಲ್ಕು ಕಡ್ಡಿ ತೇಲಿಬಿಡುವುದನ್ನು ಮರೆಯಬಾರದು. ನಾಲ್ಕು ತಿಂಗಳಿಗೆ ಒಂದು ಪೆಟ್ಟಿಗೆಗೆ ಸುಮಾರು ಎರಡೂವರೆ ಕಿಲೋ ಸಕ್ಕರೆ ಹಿಡಿಯುತ್ತದೆ. ಕೊಡುವುದು ಕತ್ತಲಾದ ಮೇಲೆ, ಪೆಟ್ಟಿಗೆಯ ಒಳಗೆ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ. ಹಗಲು ಹೊತ್ತಿನಲ್ಲಿ ಪಾಕ ಚೆಲ್ಲಿದರೆ ವಾಸನೆ ಹಿಡಿದು ಬಲವಾದ ಕುಟುಂಬ ದುರ್ಬಲ ಕುಟುಂಬದ ಮೇಲೆ ಬಿದ್ದು ದೋಚುತ್ತದೆ. ಹೂವಿನ ಕಾಲ ಶುರುವಾದೊಡನೆ ಪಾಕ ನಿಲ್ಲಿಸಬೇಕು. ಆಮೇಲೂ ಕೊಟ್ಟರೆ ಜೇನು ಕೋಣೆಯಲ್ಲಿ ತುಂಬುವುದು ಸಕ್ಕರೆ ನೀರು, ಅದನ್ನು ಜೇನೆಂದು ಮಾರುವುದು ಕಲಬೆರಕೆ.

ಆದರೆ ಪಾಕಕ್ಕಿಂತ ಒಳ್ಳೆಯದು ಮೇ ತಿಂಗಳ ಸಂಯಮ. ಕೊನೆಯ ಕೊಯ್ಲಿನಲ್ಲಿ ಸಿಗುವ ಒಂದೂವರೆ ಎರಡು ಕಿಲೋ ಜೇನನ್ನು ತೆಗೆಯದೆ ಅವಕ್ಕೇ ಬಿಟ್ಟರೆ ಮಳೆಗಾಲದ ಅರ್ಧ ಭಾರ ಇಳಿದಂತೆ. ಆಸೆಗೆ ಬಿದ್ದು ಕಡೆಯ ಎರಿಯನ್ನೂ ಬಳಿದುಕೊಂಡವರ ಪೆಟ್ಟಿಗೆಗಳೇ ಆಗಸ್ಟ್‌ನಲ್ಲಿ ಹೆಚ್ಚಾಗಿ ಖಾಲಿ.

ಮಳೆಗಾಲದ ಉಪವಾಸದ ಜೊತೆಗೆ ಇನ್ನೊಂದು ಹೆದರಿಕೆ ಇದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಕಾಲಿಟ್ಟು ಕೇರಳ, ಕೊಡಗು, ದಕ್ಷಿಣ ಕನ್ನಡದ ತುಡುವೆ ಕುಟುಂಬಗಳನ್ನು ಗುಡಿಸಿಹಾಕಿತು. ಜೇನಿಗೆ ಹೆಸರಾದ ಕೊಡಗಿನಲ್ಲೇ ಸಾಲು ಸಾಲು ಪೆಟ್ಟಿಗೆಗಳು ಖಾಲಿಯಾದವು. ಆಗ ಕೈಬಿಟ್ಟ ಅನೇಕರು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ. ರೋಗ ಈಗಲೂ ಅಲ್ಲಲ್ಲಿ ತಲೆ ಎತ್ತುತ್ತದೆ. ಗುರುತಿಸುವುದು ಕಷ್ಟವಲ್ಲ. ಮುಚ್ಚಿರಬೇಕಾದ ಮರಿಗೂಡುಗಳು ಅಲ್ಲಲ್ಲಿ ತೆರೆದಿರುತ್ತವೆ, ಒಳಗೆ ಮರಿಹುಳು ತಲೆ ಮೇಲೆ ಮಾಡಿ ಉದ್ದಕ್ಕೆ ಚಾಚಿಕೊಂಡು ಸತ್ತಿರುತ್ತದೆ. ಚಿಮಟದಲ್ಲಿ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದಂತೆ ಇಡಿಯಾಗಿ ಮೇಲೆ ಬರುತ್ತದೆ. ಇದಕ್ಕೆ ಮದ್ದಿಲ್ಲ, ಮದ್ದೆಂದು ಯಾರಾದರೂ ಪುಡಿ ಮಾರಿದರೆ ಕೊಳ್ಳಬೇಡಿ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬಾರದು, ಅದನ್ನು ಮುಟ್ಟಿದ ಕೈ, ಚಾಕು ತೊಳೆಯದೆ ಇನ್ನೊಂದನ್ನು ತೆರೆಯಬಾರದು. ರೋಗ ಬಂದ ಊರಿನಲ್ಲೂ ಕೆಲವು ಕುಟುಂಬಗಳು ಗಟ್ಟಿಯಾಗಿ ನಿಲ್ಲುತ್ತವೆ. ಮುಂದೆ ಪಾಲು ಮಾಡುವಾಗ ಅಂಥವನ್ನೇ ಆರಿಸಿಕೊಳ್ಳಬೇಕು.

ಈ ಪಾಲು ಮಾಡುವ ಕೆಲಸದಲ್ಲೇ ಸಣ್ಣ ಕುಟುಂಬಕ್ಕೆ ನಿಜವಾದ ಲಾಭ. ಮೊದಲು ಹೇಳಿದ ಆ ಇಪ್ಪತ್ತು ಗುಂಟೆಯ ಮನೆಯವರು ನವೆಂಬರ್‌ನಲ್ಲಿ ಎರಡು ಕುಟುಂಬ ತಂದರು ಎಂದುಕೊಳ್ಳಿ. ಮಳೆ ನಿಂತು ಪರಾಗ ಹೇರಳವಾಗಿ ಬರತೊಡಗಿದೆ, ಕಾಲಿಗೆ ಹಳದಿ ಉಂಡೆ ಮೆತ್ತಿಕೊಂಡ ನೊಣಗಳು ಬಾಗಿಲಲ್ಲಿ ಇಳಿಯುತ್ತಿವೆ. ಡಿಸೆಂಬರ್ ಹೊತ್ತಿಗೆ ಒಂದು ಪೆಟ್ಟಿಗೆಯ ಎರಿಯ ಕೆಳಅಂಚಿನಲ್ಲಿ ಕಡಲೆಕಾಯಿಯಂತೆ ಇಳಿಬಿದ್ದ ರಾಣಿಗೂಡುಗಳು ಕಾಣಿಸುತ್ತವೆ. ಸುಮ್ಮನಿದ್ದರೆ ಹಳೆಯ ರಾಣಿ ಅರ್ಧ ನೊಣಗಳನ್ನು ಕಟ್ಟಿಕೊಂಡು ಹಾರಿಹೋಗುತ್ತಾಳೆ. ಅದರ ಬದಲು ಹಳೆಯ ರಾಣಿ ಇರುವ ಎರಿಯನ್ನು, ಮರಿ ಮತ್ತು ಜೇನಿರುವ ಇನ್ನೆರಡು ಎರಿಗಳ ಸಮೇತ, ನೊಣಗಳೊಂದಿಗೆ ಹೊಸ ಪೆಟ್ಟಿಗೆಗೆ ಸಾಗಿಸಬೇಕು. ಹಳೆಯದರಲ್ಲಿ ತುಂಬಿ ಮುಚ್ಚಿದ ಒಂದು ಒಳ್ಳೆಯ ರಾಣಿಗೂಡನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಹೊಸ ರಾಣಿ ಹೊರಬಂದು, ಹಾರಿ, ಗಂಡು ನೊಣಗಳೊಂದಿಗೆ ಕೂಡಿ ಬರುವವರೆಗೆ ಆ ಪೆಟ್ಟಿಗೆಯನ್ನು ಪದೇ ಪದೇ ತೆರೆಯುವಂತಿಲ್ಲ. ಎರಡು ವಾರ ಕಳೆದು ನೋಡಿದಾಗ ಕೋಶಕ್ಕೊಂದರಂತೆ ತಳದಲ್ಲಿ ನಿಂತ ಮೊಟ್ಟೆ ಕಂಡರೆ ಕೆಲಸ ಆಯಿತು. ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಆ ಕುಟುಂಬ ತಾನಾಗಿ ಚೇತರಿಸಿಕೊಳ್ಳುವುದಿಲ್ಲ.

ಹೀಗೆ ಎರಡು ಮೂರಾದವು. ರಬ್ಬರ್ ಮರ ಹೊಸ ಚಿಗುರು ತೆಗೆಯುವ ಕಾಲಕ್ಕೆ ಎಲೆಯ ತೊಟ್ಟಿನ ತುದಿಯಲ್ಲಿ ಸಿಹಿರಸ ಒಸರುತ್ತದೆ. ಸುಳ್ಯದ ಕಡೆ ಫೆಬ್ರವರಿ, ಮಾರ್ಚಿನ ಜೇನಿನ ದೊಡ್ಡ ಪಾಲು ಅದರಿಂದಲೇ. ಎರಿಯ ಮುಕ್ಕಾಲು ಭಾಗ ಕೋಶಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲಷ್ಟೇ ತೆಗೆದರೆ ಜೇನು ಗಟ್ಟಿ. ಅವಸರಪಟ್ಟು ತೆಗೆದದ್ದು ಬಾಟಲಿಯಲ್ಲಿ ನೊರೆ ಬಂದು ಹುಳಿಯುತ್ತದೆ. ಹಿಂಡದೆ ಯಂತ್ರದಲ್ಲಿ ತಿರುಗಿಸಿ ತೆಗೆದು ಎರಿಯನ್ನು ವಾಪಸ್ ಕೊಟ್ಟರೆ ನೊಣಗಳಿಗೆ ಮತ್ತೆ ಮೇಣ ಕಟ್ಟುವ ಶ್ರಮ ಉಳಿಯುತ್ತದೆ. ಒಂದು ಪೆಟ್ಟಿಗೆಗೆ ಆರು ಕಿಲೋ, ಕಿಲೋಗೆ ₹500 ಎಂದು ಹಿಡಿದರೂ ಮೂರು ಪೆಟ್ಟಿಗೆಗೆ ₹9,000. ಮೊದಲ ವರ್ಷ ಇದು ಪೆಟ್ಟಿಗೆ, ಕುಟುಂಬಗಳ ಖರ್ಚಿಗೆ ಸರಿಹೋಗುತ್ತದೆ, ಹೆಚ್ಚೇನೂ ಮಿಗುವುದಿಲ್ಲ. ಲಕ್ಷ ಎಣಿಸಿಕೊಂಡು ಇಳಿಯುವವರಿಗೆ ಇದು ತಕ್ಕದ್ದಲ್ಲ. ಮೂರೂ ಪೆಟ್ಟಿಗೆ ಮಳೆಗಾಲ ದಾಟಿದರೆ ಮರುವರ್ಷ ಐದಾರಾಗುತ್ತವೆ, ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಕುಟುಂಬ ಮಾರುವ ಆದಾಯವೂ ಸೇರುತ್ತದೆ.

ಅನ್ಯರ ಹೊಲದಲ್ಲಿ ಮೇಯಿಸುವ ಕಸುಬಿಗೆ ಅದರದೇ ಅಪಾಯವೂ ಉಂಟು. ಕರಾವಳಿಯಲ್ಲಿ ಗೇರು ಹೂ ಬಿಡುವ ಹೊತ್ತಿಗೇ ಟೀ ಸೊಳ್ಳೆಗೆಂದು ಕೀಟನಾಶಕ ಹೊಡೆಯುತ್ತಾರೆ. ಮರುದಿನ ಪೆಟ್ಟಿಗೆಯ ಬಾಗಿಲ ಮುಂದೆ ನಾಲಿಗೆ ಚಾಚಿ ಸತ್ತ ನೊಣಗಳ ರಾಶಿ ಬಿದ್ದಿದ್ದರೆ ಕಾರಣ ಬೇರೆ ಹುಡುಕಬೇಕಾಗಿಲ್ಲ. ಸುತ್ತಲಿನ ತೋಟದವರಿಗೆ ಮೊದಲೇ ಹೋಗಿ ಹೇಳಿ, ಸಾಧ್ಯವಾದರೆ ಸಂಜೆ ಹೊಡೆಯಲು ಒಪ್ಪಿಸಿ. ಯಾವ ದಿನ ಎಂದು ತಿಳಿದರೆ ಹಿಂದಿನ ರಾತ್ರಿಯೇ ಗಾಳಿಯಾಡುವ ಜಾಲರಿಯಿಂದ ಬಾಗಿಲು ಮುಚ್ಚಿ ಒಂದು ಹಗಲು ನೆರಳಲ್ಲಿಡಬಹುದು. ಗೇರಿನ ಪರಾಗಸ್ಪರ್ಶಕ್ಕೆ ನೊಣವೂ ನೆರವಾಗುತ್ತದೆ ಎಂದು ಹೇಳುವಾಗ ಒಂದು ಬಾಟಲಿ ಜೇನನ್ನೂ ಕೈಯಲ್ಲಿ ಹಿಡಿದುಹೋದರೆ ಮಾತು ಬೇಗ ನಾಟುತ್ತದೆ.

ಪೆಟ್ಟಿಗೆ ಮತ್ತು ಕುಟುಂಬಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ, ತಾಲ್ಲೂಕು ಕಚೇರಿಯಲ್ಲಿ ಈ ವರ್ಷದ ಅರ್ಜಿಯ ಬಗ್ಗೆ ವಿಚಾರಿಸಿ. ಆದರೆ ಕುಟುಂಬ ಕೊಳ್ಳುವಾಗ ಮುಚ್ಚಳ ತೆಗೆಸಿ ನೋಡಿಯೇ ಕೊಳ್ಳಿ. ನಾಲ್ಕೈದು ಎರಿಗಳ ತುಂಬ ನೊಣ, ಒತ್ತೊತ್ತಾಗಿ ಮುಚ್ಚಿದ ಮರಿಗೂಡು, ಹೊಸ ಮೊಟ್ಟೆ, ಇಷ್ಟು ಕಣ್ಣಿಗೆ ಬೀಳಬೇಕು. ನಿಮ್ಮದೇ ಹವೆಯಲ್ಲಿ ಮಳೆಗಾಲ ಕಳೆದ ಕುಟುಂಬವಾದರೆ ಒಳ್ಳೆಯದು. ಜೂನ್‌ನಲ್ಲಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಬೇಡವೆನ್ನಿ. ನವೆಂಬರ್‌ವರೆಗೆ ಕಾದು, ಎರಡೇ ಎರಡು ಪೆಟ್ಟಿಗೆಯಿಂದ ಶುರು ಮಾಡಿ.