ತಾಯಿಗೆ ಆಳದ ಉಸಿರು, ಕೂಸಿಗೆ ಬಿರುಸಿನ ಉಸಿರು

ಮೂರು ತಿಂಗಳು ತುಂಬುವ ಮೊದಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಎಷ್ಟೋ ಬಸುರಿಯರು ಹೇಳುತ್ತಾರೆ. ಹೊಟ್ಟೆ ಇನ್ನೂ ಕಾಣಿಸಿಕೊಂಡಿರುವುದಿಲ್ಲ, ಆಗಲೇ ಈ ದಮ್ಮು ಏಕೆಂದು ಮನೆಯವರಿಗೆ ಗಾಬರಿ. ಬಸಿರು ನಿಂತಮೇಲೆ ರಕ್ತದಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಮೆದುಳಿನ ಉಸಿರಾಟದ ಕೇಂದ್ರವನ್ನು ಚುರುಕುಗೊಳಿಸುತ್ತದೆ. ಏದುಸಿರಿನ ಮೂಲ ಅಲ್ಲಿದೆ.

ಹಾಗೆಂದು ಉಸಿರಿನ ಎಣಿಕೆ ಅಷ್ಟಾಗಿ ಏರುವುದಿಲ್ಲ, ಏರುವುದು ಆಳ. ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಿದ್ದವಳು ದಿನ ತುಂಬುವ ಹೊತ್ತಿಗೆ 650ರಿಂದ 700 ಮಿಲಿಲೀಟರ್ ಎಳೆದುಕೊಳ್ಳುತ್ತಾಳೆ. ಇದರಿಂದ ತಾಯಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮಗುವಿನ ರಕ್ತದಲ್ಲಿರುವುದು ಮಾಸುಚೀಲದ ಮೂಲಕ ತಾಯಿಯ ಕಡೆಗೆ ಸುಲಭವಾಗಿ ಹರಿದುಬರುತ್ತದೆ. ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳಿದರೂ ಪಕ್ಕೆಲುಬುಗಳು ಅಗಲವಾಗಿ ಜಾಗ ಮಾಡಿಕೊಡುತ್ತವೆ.

ಆದ್ದರಿಂದ ಸುಮ್ಮನೆ ಕುಳಿತ ಬಸುರಿಯ ಉಸಿರು ನಿಮಿಷಕ್ಕೆ 20 ದಾಟಿದರೆ ಅದನ್ನು ಬಸಿರಿನ ಸಹಜ ಆಯಾಸವೆಂದು ಬಿಟ್ಟುಬಿಡಬಾರದು. ರಕ್ತಹೀನತೆ, ಆಸ್ತಮಾ, ಹೃದಯದ ತೊಂದರೆ ಇರಬಹುದು. ಮಲಗಿದರೆ ಉಸಿರುಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹುಟ್ಟಿದ ಕೂಸಿನ ದಾರಿ ಬೇರೆ.

ಅದರ ಪಕ್ಕೆಲುಬುಗಳು ಮೆತ್ತಗೆ, ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತವೆ. ದೊಡ್ಡವರ ಹಾಗೆ ಎದೆ ಹಿಗ್ಗಿಸಿ ಆಳವಾಗಿ ಉಸಿರೆಳೆಯಲು ಅದಕ್ಕೆ ಆಗದು, ವಪೆಯೇ ಕೆಲಸ ಮಾಡಬೇಕು. ಕೂಸಿನ ಹೊಟ್ಟೆ ಏರಿಳಿಯುವುದು ಅದಕ್ಕೇ. ಮೂರು ಕಿಲೋ ತೂಕದ ಮಗು ಒಮ್ಮೆಗೆ ಎಳೆಯುವುದು ಸುಮಾರು 18 ಮಿಲಿಲೀಟರ್, ಅಂದರೆ ನಾಲ್ಕು ಟೀ ಚಮಚಕ್ಕಿಂತ ಕಡಿಮೆ. ಆದರೆ ತೂಕಕ್ಕೆ ಹೋಲಿಸಿದರೆ ಅದಕ್ಕೆ ಬೇಕಾದ ಆಮ್ಲಜನಕ ದೊಡ್ಡವರದಕ್ಕಿಂತ ಸುಮಾರು ಎರಡುಪಟ್ಟು. ಆಳ ಹೆಚ್ಚಿಸಲಾಗದ ಮಗು ಎಣಿಕೆ ಹೆಚ್ಚಿಸಿಕೊಳ್ಳುತ್ತದೆ. ದೊಡ್ಡವರದು ನಿಮಿಷಕ್ಕೆ 12ರಿಂದ 20, ಕೂಸಿನದು 30ರಿಂದ 60.

ಅದರ ಲಯವೂ ಒಂದೇ ಸಮನಾಗಿರುವುದಿಲ್ಲ. ಸರಸರನೆ ಉಸಿರಾಡಿ, ಐದು ಹತ್ತು ಸೆಕೆಂಡು ನಿಲ್ಲಿಸಿ, ಮತ್ತೆ ಶುರುಮಾಡುತ್ತದೆ. ಹಾಗಾಗಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆ ಗಡಿಯಾರ ಹಿಡಿದು, ಅಂಗಿ ಸರಿಸಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವುದು ಇದಕ್ಕೇ. ಅತ್ತು ಸುಮ್ಮನಾದ ಕೂಸಿನಲ್ಲಿ ಮೊದಲ ಎಣಿಕೆ 64 ಬಂತು ಎನ್ನೋಣ. ಮಗು ಶಾಂತವಾದ ಮೇಲೆ ಆಕೆ ಮತ್ತೊಮ್ಮೆ ಎಣಿಸುತ್ತಾಳೆ. 46 ಬಂದರೆ ಉಸಿರಿನ ವೇಗದ ಬಗ್ಗೆ ಆತಂಕವಿಲ್ಲ. ಎರಡನೇ ಸಲವೂ 60 ಅಥವಾ ಅದಕ್ಕಿಂತ ಹೆಚ್ಚಾದರೆ ಆಸ್ಪತ್ರೆಗೆ ಕಳಿಸುತ್ತಾಳೆ.

ಎಣಿಕೆ ಸರಿಯಿದ್ದರೂ ಪಕ್ಕೆಯ ಕೆಳಭಾಗ ಆಳವಾಗಿ ಒಳಗೆ ಸೆಳೆದುಕೊಳ್ಳುವುದು, ಉಸಿರಿಗೊಮ್ಮೆ ನರಳುವುದು, ಮೂಗಿನ ಹೊಳ್ಳೆ ಅರಳುವುದು, ನಾಲಿಗೆ ನೀಲಿಯಾಗುವುದು, 20 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಲ್ಲುವುದು ಅಪಾಯದ ಗುರುತು. ಇವುಗಳಲ್ಲಿ ಯಾವುದೊಂದು ಕಂಡರೂ ಮರು ಎಣಿಕೆಗೆ ಕಾಯದೆ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು.