ಮಾಗಡಿ ಕೆರೆಗೆ ಬೆಳಕಿಗಿಂತ ಮುಂಚೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ನವೆಂಬರಿನಲ್ಲಿ ಇಳಿಯತೊಡಗಿ ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ಮೊದಲ ಸಲ ಹೋಗುವವರಿಗೆ ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ ಒಳ್ಳೆಯದು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿರುತ್ತದೆ, ಆದ್ದರಿಂದ ನೀರು ಎಷ್ಟಿದೆ ಎಂದು ಊರವರನ್ನು ಕೇಳಿಕೊಂಡೇ ಹೊರಡಿ.

ಗದಗದಿಂದ ದಾರಿ ಸುಮಾರು 26 ಕಿಲೋಮೀಟರ್. ಬೆಳಗಿನ ಆರಕ್ಕೆಲ್ಲ ಅಲ್ಲಿರಬೇಕು. ಈ ಬಾತುಗಳು ಮೀನು ತಿನ್ನುವುದಿಲ್ಲ. ಮುಂಜಾನೆ, ಸಂಜೆ ಹೊಲಗಳಿಗೆ ಹಾರಿ ಕಾಳು, ಚಿಗುರು ಮೇದು, ಬಿಸಿಲೇರಿದಾಗ ಕೆರೆಯಲ್ಲಿ ವಿಶ್ರಮಿಸುತ್ತವೆ. ಒಂಬತ್ತಕ್ಕೆ ಬಂದವರಿಗೂ ಬಾತುಗಳು ಸಿಕ್ಕಾವು, ಆದರೆ ಗುಂಪುಗುಂಪಾಗಿ ಕೂಗುತ್ತ ತಲೆಯ ಮೇಲೆ ಹಾದುಹೋಗುವ ನೋಟ ಸಿಗುವುದಿಲ್ಲ. ಕೆರೆಯ ಪೂರ್ವಕ್ಕೆ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ. ಬಿಳಿ ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳೂ ಹಳದಿ ಕೊಕ್ಕೂ ಸ್ಪಷ್ಟವಾಗುತ್ತವೆ. ಎದುರಿಗೆ ಸೂರ್ಯನಿದ್ದರೆ ಎಲ್ಲ ಹಕ್ಕಿಯೂ ಕರಿ ನೆರಳೇ. ಪಟ್ಟೆಯಿಲ್ಲದ ಬಾತು ಕಂಡರೆ ಬೇರೆ ಜಾತಿಯೆಂದುಕೊಳ್ಳಬೇಡಿ, ಅದು ಆ ವರ್ಷದ ಮರಿ ಇರಬಹುದು.

ದುರ್ಬೀನು ಕೊಳ್ಳುವಾಗಲೂ ಈ ಮಸುಕು ಬೆಳಕನ್ನೇ ನೆನಪಿಡಿ. 8x42 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ ಐದು ಚಿಲ್ಲರೆ. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ಅಗಲವಿರುತ್ತದೆ. ಜೇಬಿಗಿಳಿಯುವ 10x25ರಲ್ಲಿ ಅದು ಎರಡೂವರೆ ಮಾತ್ರ. ನಸುಕಿನಲ್ಲಿ ಹಿಗ್ಗಿದ ಕಣ್ಣಿನ ಪಾಪೆಗೆ ಅದು ಸಾಲದು, ಚಿತ್ರ ಕಪ್ಪಾಗುತ್ತದೆ. ಹತ್ತು ಪಟ್ಟಿನದರಲ್ಲಿ ಕೈನಡುಕವೂ ಹೆಚ್ಚು ಕಾಣುತ್ತದೆ. ಕನ್ನಡಕದವರು ಕಣ್ಣ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿದಂತಾಗುತ್ತದೆ. ಮೊದಲು ಬಲಗಣ್ಣು ಮುಚ್ಚಿ ನಡುವಿನ ಗಾಲಿಯಿಂದ ಎಡಗಣ್ಣಿಗೆ ಚಿತ್ರ ಚೊಕ್ಕ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರ ತಿರುಗಿಸಿ. ಇದನ್ನು ಹಿಂದಿನ ದಿನ ಮನೆಯಲ್ಲೇ ಮಾಡಿಟ್ಟರೆ ಕತ್ತಲಲ್ಲಿ ತಡಕಾಡಬೇಕಿಲ್ಲ.

ಮರೆಗಾಗಿ ಗುಡಾರ ಬೇಕಿಲ್ಲ. ಜಾಲಿ ಪೊದೆಯ ಹಿಂದೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟು ನೆಲಕ್ಕೆ ಕೂತರೆ ಸಾಕು. ಆಕಾಶದ ಎದುರು ಏರಿಯ ಮೇಲೆ ನಿಂತ ಮನುಷ್ಯ ಅವಕ್ಕೆ ದೂರದಿಂದಲೇ ಕಾಣುತ್ತಾನೆ. ಮೇಯುತ್ತಿದ್ದ ಬಾತುಗಳು ಒಂದೊಂದಾಗಿ ಕತ್ತು ನೆಟ್ಟಗೆ ಮಾಡಿದರೆ ನೀವು ಅತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ. ಕತ್ತು ಇಳಿಯದಿದ್ದರೆ ನಿಧಾನವಾಗಿ ಹಿಂದೆ ಸರಿಯಿರಿ. ಹಿಮಾಲಯ ದಾಟಿ ಬಂದು, ಅದೇ ದಾರಿಯಲ್ಲಿ ಮರಳಬೇಕಾದ ಹಕ್ಕಿಗೆ ನಮಗೆ ಹೆದರಿ ಹಾರುವ ಒಂದೊಂದು ಸುತ್ತೂ ಮೈಗೂಡಿಸಿದ ಕೊಬ್ಬಿನಿಂದಲೇ ಕಳೆಯುತ್ತದೆ.