ಐದರಲ್ಲೊಂದು ಪಾಲು ಕೊಳಚೆ

ಪ್ರಶ್ನೆ: ನಮ್ಮೂರ ಕೆರೆಗೆ ಬರುವ ನೀರಿನಲ್ಲಿ ಚರಂಡಿಯದು ಐದರಲ್ಲೊಂದು ಪಾಲು ಮಾತ್ರ. ಆದರೂ ಇಷ್ಟು ಪಾಚಿ ಏಕೆ?

ಉತ್ತರ: ನೀರನ್ನಲ್ಲ, ಅದರೊಳಗಿನ ರಂಜಕವನ್ನು ಲೆಕ್ಕ ಹಾಕಿ. ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ, ಲೀಟರಿಗೆ 5 ಮಿಲಿಗ್ರಾಂ ರಂಜಕ ಎಂದುಕೊಳ್ಳೋಣ: 50 ಕಿಲೋ. ಹಳ್ಳದಿಂದ ನಾಲ್ಕು ಕೋಟಿ ಲೀಟರ್, ಲೀಟರಿಗೆ 0.05 ಮಿಲಿಗ್ರಾಂ: ಬರೀ 2 ಕಿಲೋ! ಒಟ್ಟು 52ರಲ್ಲಿ ಅರ್ಧ ಕೆಸರಿಗಿಳಿದರೂ, ಉಳಿದ 26 ಕಿಲೋ ಐದು ಕೋಟಿ ಲೀಟರಿನೊಂದಿಗೆ ಕೋಡಿ ಹರಿಯಬೇಕು. ಅಂದರೆ ಲೀಟರಿಗೆ ಸುಮಾರು 0.5 ಮಿಲಿಗ್ರಾಂ. ಪಾಚಿ ಹುಲುಸಾಗಲು 0.03 ಸಾಕು.

ಸತ್ತ ಪಾಚಿ ಕೊಳೆಯುವಾಗ ತಳದ ಆಮ್ಲಜನಕ ತೀರುತ್ತದೆ. ಆಗ ಕೆಸರು ತಾನು ಹಿಡಿದಿಟ್ಟ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಚರಂಡಿಯನ್ನು ಬೇರೆಡೆಗೆ ತಿರುಗಿಸಿದ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಇರುವುದು ಈ ಹಳೇ ಸಾಲದಿಂದ.